ಉತ್ತರಕ್ಕೆ ಸರಿಯುವ ಮರಳು

ತೇಲುವ ಕಾಯಿಯನ್ನು ನಂಬಬಾರದು. ಅದು ಗಾಳಿಗೆ ಸಿಕ್ಕಿ ಎತ್ತಲೋ ಹೋಗುತ್ತದೆ. ಮರಳು ತೇಲುವುದಿಲ್ಲ. ಆದರೆ ಹತ್ತಕ್ಕೆ ಹತ್ತೂ ಕಾಯಿ ಒಂದೇ ಕಡೆಗೆ ಯಾಕೆ ಹೋಗಬೇಕು? ಗಾಳಿ ಅತ್ತ ಬೀಸುತ್ತಿದೆ, ಅದಕ್ಕೆ. ಗಾಳಿ ಅತ್ತ ಬೀಸಿದರೆ ಅಲೆಯೂ ಅತ್ತಲೇ ತಾನೆ? ಅಲೆಯೂ ಅತ್ತಲೇ ಆದರೆ...

ಯಶವಂತ್ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದ. ಅದರ ಮುಂದಿನ ಮಾತು ಅವನಿಗೆ ಬೇಕಿರಲಿಲ್ಲ.

ಎರಡು ಸಾವಿರದ ಮೂರನೆಯ ಇಸವಿಯ ನಾರಿಯೇಲಿ ಪೂನಮ್ ಅದು, ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಶ್ರಾವಣದ ಹುಣ್ಣಿಮೆ. ಸೂರತ್‌ನಿಂದ ದಕ್ಷಿಣಕ್ಕೆ, ಬೈಕಿನಲ್ಲಿ ಒಂದೂವರೆ ಗಂಟೆ ದೂರದ ನಾನಾಬಾರಾ ಎಂಬ ಮೀನುಗಾರರ ಊರಿನಲ್ಲಿ ಮಳೆಗಾಲಕ್ಕೆ ದಡಕ್ಕೆಳೆದಿದ್ದ ದೋಣಿಗಳಿಗೆ ಹೂ ಕಟ್ಟಿದ್ದರು. ಕೆಂಪು ದಾರ ಸುತ್ತಿದ ತೆಂಗಿನಕಾಯಿಗಳನ್ನು ಗಂಡಸರು ಸೊಂಟದ ನೀರಿಗಿಳಿದು ಕಡಲಿಗೆ ಎಸೆಯುತ್ತಿದ್ದರು. ಪಶ್ಚಿಮಕ್ಕೆ ಎಸೆದ ಕಾಯಿಗಳು ಅಲೆಯ ಮೇಲೆ ಹಿಂದಕ್ಕೆ ಬಂದು, ದಡದುದ್ದಕ್ಕೂ ಕುಣಿಯುತ್ತ ಉತ್ತರದ ಅಳಿವೆಯ ಕಡೆಗೆ ಹೊರಟಿದ್ದವು.

"ಏನು ನೋಡ್ತೀರಿ ಸಾಹೇಬ್? ನಮ್ಮ ಪೂಜೆಯ ಕಾಯಿ ಅಳಿವೆ ಆಚೆಯವರ ಹೊಟ್ಟೆಗೆ," ಎಂದಳು ಪಕ್ಕದಲ್ಲಿ ನಿಂತಿದ್ದ ಲಕ್ಷ್ಮೀಬೆನ್. ಕಡಲಿಗೆ ಎಲ್ಲರಿಗಿಂತ ಹತ್ತಿರದ ಮನೆ ಅವಳದು. ಬೂಮ್ಲಾ ಮೀನನ್ನು ಬಿದಿರಿನ ಚೌಕಟ್ಟಿಗೆ ನೇತುಹಾಕಿ ಒಣಗಿಸಿ ಮಾರುವವಳು. "ನನ್ನ ಸೊಸೆ ಆಚೆ ಊರಿನವಳು. ಅವಳ ತವರಿನಲ್ಲಿ ಪೂನಮ್ ಮಾರನೇ ದಿನ ಟೋಪ್ರಾಪಾಕ್ ಮಿಠಾಯಿ ಮಾಡೋದು ನಮ್ಮ ಕಾಯಿಂದಲೇ. ಕೇಳಿ ಬೇಕಾದ್ರೆ."

"ಪ್ರತಿ ವರ್ಷವೂ?"

"ನಾನು ಮದುವೆಯಾಗಿ ಬಂದಾಗಿನಿಂದ. ಮೂವತ್ತಾರು ವರ್ಷ."

"ಒಂದು ವರ್ಷವೂ ದಕ್ಷಿಣಕ್ಕೆ ಹೋಗಿಲ್ಲವೆ?"

"ಆ ಕಡೆ ನನ್ನ ಬೀಗರಿಲ್ಲವಲ್ಲ, ಅದಕ್ಕೇ ಹೋಗಲ್ಲ," ಎಂದು ಅವಳು ನಕ್ಕಳು.

ಯಶವಂತ್‌ಗೆ ನಗು ಬರಲಿಲ್ಲ. ಅವನು ದಕ್ಷಿಣಕ್ಕೆ ತಿರುಗಿ ನೋಡಿದ. ಊರಿನ ದಕ್ಷಿಣ ತುದಿಯಲ್ಲಿ, ರಸ್ತೆ ಮುಗಿಯುವಲ್ಲಿ, ಲಾರಿಗಳು ತಂದು ಸುರಿದ ಕರಿಕಲ್ಲಿನ ರಾಶಿ ಇತ್ತು. ಮಳೆ ನಿಂತ ಮೇಲೆ ಆ ಕಲ್ಲುಗಳನ್ನು ದಡದಿಂದ ಕಡಲೊಳಕ್ಕೆ ಕಟ್ಟೆಯಂತೆ ಜೋಡಿಸಬೇಕು. ಅಂಥ ಅಡ್ಡಕಟ್ಟೆಗೆ ಅವನ ಕೆಲಸದವರು ಗ್ರಾಯ್ನ್ ಎನ್ನುತ್ತಾರೆ. ದಡದುದ್ದಕ್ಕೂ ಸಾಗುವ ಮರಳು ಅದಕ್ಕೆ ಬಡಿದು, ತಾನು ಬಂದ ಬದಿಯಲ್ಲಿ ಶೇಖರವಾಗುತ್ತದೆ. ಇನ್ನೊಂದು ಬದಿಗೆ ಮರಳು ಸಿಗುವುದಿಲ್ಲ. ಅಲೆಗಳು ಅಲ್ಲಿದ್ದ ಮರಳನ್ನೂ ಒಯ್ಯುತ್ತವೆ. ಆದ್ದರಿಂದ ಗ್ರಾಯ್ನ್ ಕಟ್ಟುವವನಿಗೆ ಮೊದಲು ಗೊತ್ತಿರಬೇಕಾದದ್ದು ಒಂದೇ: ಮರಳು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ?

ನಕ್ಷೆಯಲ್ಲಿ ಅದಕ್ಕೊಂದು ಬಾಣದ ಗುರುತಿತ್ತು. ಬಾಣ ದಕ್ಷಿಣಕ್ಕೆ ತಿರುಗಿತ್ತು. ಉತ್ತರದಿಂದ ಬರುವ ಮರಳನ್ನು ಊರಿನ ಮುಂದೆ ಹಿಡಿದು ನಿಲ್ಲಿಸಲು ದಕ್ಷಿಣ ತುದಿಯಲ್ಲಿ ಗ್ರಾಯ್ನ್. ಲೆಕ್ಕ ಸರಿ. ಬಾಣ ತಪ್ಪಿದ್ದರೆ ಅದೇ ಗ್ರಾಯ್ನ್ ಊರಿಗೆ ಬರುವ ಮರಳನ್ನು ಹೊರಗೇ ತಡೆಯುತ್ತದೆ. ಲಕ್ಷ್ಮೀಬೆನ್ನಳ ಮನೆಯ ಹೊಸ್ತಿಲಿನಿಂದ ಕಡಲು ಕೊರೆದ ಅಂಚಿಗೆ ಹೋದ ವರ್ಷ ಹತ್ತೊಂಬತ್ತು ಹೆಜ್ಜೆ. ಈಗ ಹನ್ನೊಂದು.

ಆ ಬಾಣವನ್ನು ಬರೆದವನು ಯಶವಂತ್.

ಎರಡು ವರ್ಷದ ಹಿಂದೆ, ಎಂ.ಟೆಕ್ ಮುಗಿಸಿ ಸೂರತ್‌ನ ಒಂದು ಸಣ್ಣ ಕನ್ಸಲ್ಟೆನ್ಸಿಗೆ ಸೇರಿದ ಹೊಸದರಲ್ಲಿ, ನವೆಂಬರಿನಿಂದ ಫೆಬ್ರವರಿಯವರೆಗೆ ದಿನಾ ಬೆಳಿಗ್ಗೆ ಇದೇ ದಡದಲ್ಲಿ ನಿಂತು ಅಲೆಗಳು ಎಷ್ಟು ಎತ್ತರ, ಯಾವ ಓರೆಯಲ್ಲಿ ಒಡೆಯುತ್ತವೆ ಎಂದು ಬರೆದುಕೊಂಡಿದ್ದ. ಆಗ ವಾಯವ್ಯದ ಗಾಳಿ, ಮೊಣಕಾಲೆತ್ತರದ ಅಲೆಗಳು, ಮರಳು ದಕ್ಷಿಣಕ್ಕೆ ಸರಿಯುತ್ತಿತ್ತು. ಮಳೆಗಾಲದಲ್ಲಿ ಯಾರೂ ಅಳೆಯಲಿಲ್ಲ. ಜೂನ್‌ನಲ್ಲಿ ದೋಣಿಗಳು ದಡಕ್ಕೇರಿದರೆ ಕಡಲಿನ ಆಳ ಅಳೆಯಲು ಬಾಡಿಗೆಗೆ ದೋಣಿ ಇಲ್ಲ. ದೋಣಿ ಇಲ್ಲದಿದ್ದರೆ ಸರ್ವೆ ಇಲ್ಲ. ಮಳೆಗಾಲಕ್ಕೆ ಆಫೀಸು, ಚಳಿಗಾಲಕ್ಕೆ ಫೀಲ್ಡು. ಅದು ಅವರ ಆಫೀಸಿನಲ್ಲಿ ಎಲ್ಲರೂ ಒಪ್ಪಿಕೊಂಡ ಪದ್ಧತಿಯಾಗಿತ್ತು. ಅವನೂ ಒಪ್ಪಿಕೊಂಡಿದ್ದ.

ಈಗ, ಆಗಸ್ಟಿನಲ್ಲಿ, ನೈಋತ್ಯದಿಂದ ಎದೆಯೆತ್ತರದ ಅಲೆಗಳು ಓರೆಯಾಗಿ ಬಂದು ಒಡೆಯುತ್ತಿದ್ದವು. ಪ್ರತಿ ಅಲೆಯೂ ಮರಳನ್ನು ಓರೆಯಾಗಿ ಮೇಲಕ್ಕೆ ಎತ್ತುತ್ತಿತ್ತು. ಹಿಂದಕ್ಕೆ ಹೋಗುವ ನೀರು ಅದನ್ನು ನೇರವಾಗಿ ಇಳಿಜಾರಿಗೆ ಇಳಿಸುತ್ತಿತ್ತು. ಮತ್ತೆ ಓರೆಯಾಗಿ ಮೇಲೆ, ಮತ್ತೆ ನೇರ ಕೆಳಗೆ. ಹೊಲಿಗೆ ಹಾಕಿದ ಹಾಗೆ, ಒಂದೊಂದೇ ಗೇಣು, ಉತ್ತರಕ್ಕೆ.

*

ಸೂರತ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಅವನ ಜೊತೆ ಇದ್ದವನು ಬಸವರಾಜ. ರಬಕವಿಯ ನೇಕಾರರ ಮನೆಯವನು, ನಗರದಾಚೆ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಬಟ್ಟೆ ಮಿಲ್ಲಿನಲ್ಲಿ ಬಣ್ಣದ ಕೆಲಸ. ಯಶವಂತ್ ಬಾಗಲಕೋಟೆಯವನು. ಇಬ್ಬರೂ ಕಡಲು ಕಂಡದ್ದು ಇಪ್ಪತ್ತು ದಾಟಿದ ಮೇಲೆ.

"ಮೂರು ದಿನ ಆತು, ಬಾಯಾಗ ಬೆಣಚುಕಲ್ಲು ಇಟ್ಕೊಂಡಾಂಗ ಕುಂತಿ. ಏನಾಗೇತಿ ಹೇಳಲೇ," ಎಂದ ಬಸವರಾಜ.

ಯಶವಂತ್ ಹೇಳಿದ. ಬಸವರಾಜ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಅಂದ್ರ ನೀ ತಪ್ಪು ಮಾಡೀದಿ."

"ಮಾಡೀನಿ ಅನಸ್ತೈತಿ. ಖಾತ್ರಿ ಇಲ್ಲ. ತೆಂಗಿನಕಾಯಿ ನೋಡಿ ಹೇಳಿದ್ರ ಯಾರು ನಂಬ್ತಾರ?"

"ಮರಳಿನ ಕಡೆಯಿಂದನ ಹೇಳಸು."

"ಮರಳು ಮರಳಿನಾಗ ಹೋಗಿ ಸೇರಿದ್ರ ಗುರುತು ಹೆಂಗ ಹಿಡಿಯೂದು?"

"ನಾ ಏನ್ ಕೆಲಸ ಮಾಡ್ತೀನಿ ಅನ್ನೂದು ನೆನಪೈತೇನು ನಿನಗ?" ಬಸವರಾಜ ಬೆರಳು ತೋರಿಸಿದ. ಉಗುರಿನ ಸಂದಿನಲ್ಲಿ ಗುಲಾಬಿ ಬಣ್ಣ. "ಸೀರಿಗೆ ಹಚ್ಚು ಹಾಕೂ ಹೊಳಪಿನ ಬಣ್ಣ ಐತಿ. ಅಂಟು ಕೂಡ್ಸಿ ಕಾಸಿದ್ರ ಅರಬಿಗೆ ಹತ್ತಿದ್ದು ನೂರು ಸರ್ತಿ ಒಗದ್ರೂ ಬಿಡೂದಿಲ್ಲ. ಮರಳಿಗೆ ಹತ್ತಂಗಿಲ್ಲೇನು?"

ಹತ್ತಿತು. ಯಶವಂತ್ ನಾನಾಬಾರಾದಿಂದ ಎರಡು ಚೀಲ ಮರಳು ತಂದ. ಬೇರೆ ಮರಳಾದರೆ ಕಣದ ಗಾತ್ರ ಬೇರೆಯಾಗಿ, ನಡಿಗೆಯೂ ಬೇರೆಯಾಗುತ್ತದೆ. ಬಸವರಾಜ ಅದಕ್ಕೆ ಬಣ್ಣ, ಅಂಟು ಕಲಸಿ ಮಿಲ್ಲಿನ ಮೂಲೆಯ ಒಲೆಯಲ್ಲಿ ತೆಳುವಾಗಿ ಹರಡಿ ಕಾಸಿದ. ಗುಲಾಬಿ ಮರಳು ತಣಿದ ಮೇಲೆ ನೀರಿನ ಬಕೆಟ್ಟಿನಲ್ಲಿ ಕಲಸಿ ನೋಡಿದರು. ನೀರು ತಿಳಿಯಾಗಿಯೇ ಇತ್ತು.

ಇನ್ನೊಂದು ಸಾಮಾನು ಬೇಕಿತ್ತು. ಆ ಬಣ್ಣದ ಕಣ ಅತಿನೇರಳೆ ದೀಪದ ಕೆಳಗೆ ಕೆಂಡದಂತೆ ಹೊಳೆಯುತ್ತದೆ. ದೀಪ ಇಲ್ಲದಿದ್ದರೆ ಸಾವಿರ ಕಣದಲ್ಲಿ ಒಂದನ್ನು ಹುಡುಕುವುದು ಆಗದ ಮಾತು. ಮನೆ ಮಾಲೀಕರ ಮಗ ನಿತೇಶ್‌ಭಾಯ್‌ಗೆ ವರಾಛಾದಲ್ಲಿ ವಜ್ರದ ಕಾರ್ಖಾನೆಯಿತ್ತು. ವಜ್ರ ವಿಂಗಡಿಸುವವರು ಅಂಥದೇ ದೀಪದ ಕೆಳಗೆ ಕಲ್ಲಿನ ಹೊಳಪು ನೋಡುತ್ತಾರೆ.

"ಮರಳು ನೋಡೋಕೆ ನನ್ನ ದೀಪ?" ನಿತೇಶ್‌ಭಾಯ್ ದೀಪವನ್ನು ಎದೆಗೆ ಒತ್ತಿಕೊಂಡೇ ಕೇಳಿದ. "ಅದರಲ್ಲಿ ಹೀರಾ ಸಿಕ್ಕಿದರೆ ಅರ್ಧ ನನಗೆ, ಹೌದಾ?"

"ಪೂರ್ತಿ ನಿಮಗೆ," ಎಂದ ಯಶವಂತ್.

ಇಳಿತದ ಹೊತ್ತಿನಲ್ಲಿ ನಾನಾಬಾರಾದ ಕಡಲು ಅರ್ಧ ಮೈಲಿ ಹಿಂದೆ ಸರಿಯುತ್ತದೆ. ದೋಣಿಯ ಹಂಗೇ ಇಲ್ಲ. ಮಳೆಗಾಲದಲ್ಲೂ ನಡೆದುಕೊಂಡು ಅಳೆಯಬಹುದಿತ್ತು! ಎರಡು ವರ್ಷದಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅವನು ದಡದ ನಡುವೆ ಸಣ್ಣ ಕಾಲುವೆ ತೋಡಿ ಗುಲಾಬಿ ಮರಳು ತುಂಬಿದ. ಎರಡು ಭರತ ಬಂದು ಹೋದ ಮೇಲೆ ಉತ್ತರಕ್ಕೂ ದಕ್ಷಿಣಕ್ಕೂ ಹತ್ತು ಹತ್ತು ಮೀಟರಿಗೆ ಒಂದರಂತೆ, ಗ್ರೀಸ್ ಸವರಿದ ರಟ್ಟಿನ ತುಂಡುಗಳನ್ನು ಮರಳಿಗೆ ಒತ್ತಿ ತೆಗೆದ. ಮೂರು ಸಲ, ಬೇರೆ ಬೇರೆ ದಿನ, ಹೀಗೇ ಮಾಡಿದ.

ಫ್ಲ್ಯಾಟಿನಲ್ಲಿ ಕಿಟಕಿಗೆ ಚಾದರ ಹೊದಿಸಿ ಇಬ್ಬರೂ ಎಣಿಸಿದರು. ದಕ್ಷಿಣದ ರಟ್ಟುಗಳಲ್ಲೆಲ್ಲ ಸೇರಿ ಇಪ್ಪತ್ತೇಳು ಕಣ. ಉತ್ತರದ ಮೊದಲ ರಟ್ಟನ್ನು ದೀಪದ ಕೆಳಗಿಟ್ಟಾಗ ಬಸವರಾಜ ಎಣಿಸುವುದನ್ನೇ ಬಿಟ್ಟ.

"ಅವ್ವನ, ದೀಪಾವಳಿ ಆಗೇತಲ್ಲೋ!"

ಉತ್ತರದಲ್ಲಿ ಒಟ್ಟು ಮುನ್ನೂರ ನಲವತ್ತೊಂದು.

ಚಳಿಗಾಲದ ಅಳತೆ ಸುಳ್ಳಾಗಿರಲಿಲ್ಲ. ಆಗ ಮರಳು ದಕ್ಷಿಣಕ್ಕೇ ಹೋಗುತ್ತದೆ. ಆದರೆ ಅಲೆಯ ಎತ್ತರ ಎರಡರಷ್ಟಾದರೆ ಸಾಗುವ ಮರಳು ಐದಾರು ಪಟ್ಟಾಗುತ್ತದೆ. ಚಳಿಗಾಲ ಮೆಲ್ಲಗೆ ತಂದುಕೊಟ್ಟದ್ದನ್ನು ಮಳೆಗಾಲ ಕೆಲವೇ ವಾರಗಳಲ್ಲಿ ಹಿಂದಕ್ಕೊಯ್ದು, ಮೇಲೆ ಇನ್ನಷ್ಟನ್ನು ಒಯ್ಯುತ್ತದೆ. ವರ್ಷದ ಬಾಣ ಉತ್ತರಕ್ಕೆ.

*

ಹಳೆಯ ಅಳತೆಗಳನ್ನು ಮತ್ತೊಮ್ಮೆ ನೋಡಲು ಅವನು ಆಫೀಸಿನ ಕಡತ ತೆಗೆದ. ತನ್ನ ಬಾಣ ಇದ್ದ ಹಾಳೆ. ಕೆಳಗೆ ಪಟ್ಟಾಭಿರಾಮ ಅವರ ಸಹಿ. ಪಟ್ಟಾಭಿರಾಮ ಮೈಸೂರಿನವರು, ವಡೋದರಾದಲ್ಲಿ ಸರ್ಕಾರಿ ಕೆಲಸ ಮಾಡಿ ನಿವೃತ್ತರಾಗಿ ಈ ಕನ್ಸಲ್ಟೆನ್ಸಿ ಶುರುಮಾಡಿದವರು. ಸಂದರ್ಶನದಲ್ಲಿ ಒಂದು ಮಾತೂ ಸರಿಯಾಗಿ ಆಡದ ಯಶವಂತ್‌ನನ್ನು, "ಮಾತು ನಾನಾಡ್ತೀನಿ ಕಣಯ್ಯ, ನೀನು ಅಳತೆ ಮಾಡು" ಎಂದು ಕೆಲಸಕ್ಕೆ ತೆಗೆದುಕೊಂಡವರು.

ಹಾಳೆಯ ಅಂಚಿನಲ್ಲಿ, ಸಹಿಗಿಂತ ಮೇಲೆ, ಪೆನ್ಸಿಲಿನಲ್ಲಿ ಸಣ್ಣಗೆ ಒಂದು ಸಾಲು ಇತ್ತು. ಆಫೀಸಿನ ಎಲ್ಲ ಕಾಗದವೂ ಇಂಗ್ಲಿಷಿನಲ್ಲಿ. ಆ ಸಾಲು ಮಾತ್ರ ಕನ್ನಡದಲ್ಲಿ: "ಮಳೆಗಾಲದ ಅಳತೆ ಇಲ್ಲ. ಕೇಳಬೇಕು."

ಅವರ ಕೈಬರಹವೇ. ಕೇಳಿರಲಿಲ್ಲ. ಗಡುವು ಹತ್ತಿರವಿತ್ತೋ, ಮರೆತರೋ, ಹುಡುಗನ ಅಳತೆಯನ್ನು ನಂಬಿದರೋ. ಯಶವಂತ್ ಆ ಸಾಲನ್ನು ಮತ್ತೊಮ್ಮೆ ಓದಿದ. ಆಮೇಲೆ ತನಗೆ ಬೇಕಾದ ಅಂಕಿಗಳನ್ನು ಬರೆದುಕೊಂಡು ಕಡತವನ್ನು ಕಟ್ಟಿ ಅದರ ಜಾಗದಲ್ಲೇ ಇಟ್ಟ.

ಪಟ್ಟಾಭಿರಾಮರ ಕೋಣೆಗೆ ಹೋಗಿ ರಟ್ಟುಗಳನ್ನೂ ಎಣಿಕೆಯ ಹಾಳೆಯನ್ನೂ ಮೇಜಿನ ಮೇಲಿಟ್ಟ. ಅವರು ಕನ್ನಡಕ ಏರಿಸಿ ಓದಿದರು.

"ಸೆಪ್ಟೆಂಬರ್ ಹದಿನೈದನೇ ತಾರೀಖು ಊರಲ್ಲಿ ಮೀಟಿಂಗು. ಇಲಾಖೆಯವರು ಬರ್ತಾರೆ. ಕೆಲಸಕ್ಕೆ ಅವತ್ತೇ ಒಪ್ಪಿಗೆ ಕೊಡೋದು."

"ಗೊತ್ತು ಸರ್."

"ಏನು ಹೇಳೋಣ ಅಂತೀಯ?"

"ನಾನು ಹೇಳ್ತೀನಿ ಸರ್."

ಅವರು ತಲೆ ಎತ್ತಿ ನೋಡಿದರು. "ನೀನು ಮಾತಾಡ್ತೀಯ?"

"ಮಾತಿಗೆ ಬದಲು ಒಂದು ತಗಡಿನ ತೊಟ್ಟಿ ಇದೆ ಸರ್. ಅದು ಮಾತಾಡುತ್ತೆ."

*

ಬಟ್ಟೆ ಅದ್ದಲು ಬಳಸಿ, ತುಕ್ಕು ಹಿಡಿದು, ಸಚಿನ್‌ನ ಮಿಲ್ಲಿನವರು ಎಸೆದಿದ್ದ ಎಂಟಡಿಯ ತೊಟ್ಟಿ ಅದು. ಟೆಂಪೋದಲ್ಲಿ ತಂದು ನಾನಾಬಾರಾದ ಶಾಲೆಯ ಅಂಗಳದಲ್ಲಿಟ್ಟರು. ಒಂದು ಬದಿಗೆ ಮರಳಿನ ದಡ, ಉಳಿದದ್ದೆಲ್ಲ ನೀರು. ಬಸವರಾಜ ಪ್ಯಾಂಟು ಮಡಚಿ ಹಲಗೆ ಹಿಡಿದು ಕೂತ. ಅಲೆ ಎಬ್ಬಿಸುವುದು ಅವನ ಕೆಲಸ. ಇಲಾಖೆಯ ಅಧಿಕಾರಿ, ಕಲ್ಲಿನ ಗುತ್ತಿಗೆದಾರ, ಪಟ್ಟಾಭಿರಾಮ ಕುರ್ಚಿಗಳಲ್ಲಿ. ಊರು ಸುತ್ತ ನಿಂತಿತ್ತು.

"ಮೊದಲು ಗೋಡೆ ಕಟ್ಟಿ," ಎಂದ ರಾಮಚಂದ್ರ ತಾಂಡೇಲ್, ದೋಣಿಗಳವರ ಮುಖಂಡ. "ಶಾಲೆ ಮುಂದೆ ಕಟ್ಟಿದ್ದಾರಲ್ಲ, ಅಂಥದ್ದು ಊರುದ್ದಕ್ಕೂ. ನನಗೆ ಈ ಅಡ್ಡಕಟ್ಟೆ ಮೇಲೆ ನಂಬಿಕೆ ಇಲ್ಲ."

ಯಶವಂತ್ ಮರಳಿನ ದಡಕ್ಕೆ ಆನಿಸಿ ಇಟ್ಟಿಗೆ ನಿಲ್ಲಿಸಿದ. ಬಸವರಾಜ ಹಲಗೆ ಆಡಿಸಿದ. ಅಲೆ ಇಟ್ಟಿಗೆಗೆ ಬಡಿದು ಹಾಗೇ ಹಿಂದಕ್ಕೆ ಚಿಮ್ಮಿತು. ಹೋಗುವಾಗ ಬುಡದ ಮರಳನ್ನು ಎಳೆದುಕೊಂಡು ಹೋಯಿತು. ಎರಡು ನಿಮಿಷದಲ್ಲಿ ಇಟ್ಟಿಗೆಯ ಮುಂದೆ ಹೊಂಡ. ಇಟ್ಟಿಗೆ ಮುಗಿಯುವಲ್ಲಿ, ಪಕ್ಕದ ದಡ ಬಾವಿಯಂತೆ ಕೊರೆದುಹೋಯಿತು.

"ಗೋಡೆ ತನ್ನ ಹಿಂದಿನ ನೆಲ ಕಾಯುತ್ತೆ. ಮುಂದಿನ ಮರಳನ್ನಲ್ಲ," ಎಂದ ಯಶವಂತ್. ದನಿ ನಡುಗುತ್ತಿತ್ತು.

"ನನ್ನ ಮೀನು ಒಣಗಿಸೋ ಜಾಗ ಹೋಗಿದ್ದು ಅಲ್ಲೇ!" ಲಕ್ಷ್ಮೀಬೆನ್ ಇಟ್ಟಿಗೆಯ ತುದಿಗೆ ಬೆರಳು ಮಾಡಿದಳು. "ಶಾಲೆ ಗೋಡೆ ಪಕ್ಕ! ನಾನು ಬಾಯಿ ಬಡ್ಕೊಂಡೆ, ಯಾರೂ ಕೇಳಲಿಲ್ಲ."

"ಈಗ ಕೇಳ್ತಿದೀವಲ್ಲ ಮಾಸಿ, ಸ್ವಲ್ಪ ಸುಮ್ಮನಿರು," ಎಂದ ರಾಮಚಂದ್ರ. "ಸರಿ, ಗೋಡೆಯಿದ್ದರೆ ದೋಣಿ ಎಳೆಯೋಕೆ ಜಾಗ ಇರಲ್ಲ. ಒಪ್ಪಿದೆ. ಹಾಗಾದರೆ ಕಡಲೊಳಗೆ, ದಡಕ್ಕೆ ಸಮಾನಾಂತರವಾಗಿ ಕಲ್ಲು ಹಾಕಿ. ಬ್ರೇಕ್‌ವಾಟರ್ ಅಂತಾರಲ್ಲ. ಅಲೆ ಅಲ್ಲೇ ಒಡೆಯಲಿ."

ಯಶವಂತ್ ಇಟ್ಟಿಗೆ ತೆಗೆದು ದಡ ಸರಿಮಾಡಿ, ನೀರಿನ ನಡುವೆ ಕಲ್ಲುಗಳ ಸಾಲಿಟ್ಟ. ಅದರ ಹಿಂದೆ ನೀರು ಶಾಂತವಾಯಿತು. ದಡದುದ್ದಕ್ಕೂ ಬರುತ್ತಿದ್ದ ಮರಳು ಆ ನೆರಳಿನಲ್ಲಿ ನಿಂತು, ದಡದಿಂದ ನಾಲಿಗೆಯಂತೆ ಮುಂದಕ್ಕೆ ಚಾಚಿತು. ಜನ ಹೋ ಎಂದರು.

"ಇದೇ, ಇದೇ ಬೇಕು!"

"ಆ ಕಡೆ ನೋಡಿ," ಎಂದ ಯಶವಂತ್. ಮರಳಿನ ನಾಲಿಗೆಯಿಂದ ಉತ್ತರಕ್ಕೆ ದಡ ತೆಳ್ಳಗಾಗುತ್ತ ಒಳಗೆ ಸರಿದಿತ್ತು. "ನಾಲಿಗೆ ಬೆಳೆದು ಕಲ್ಲು ಮುಟ್ಟಿದರೆ ಮರಳಿನ ದಾರಿಯೇ ಬಂದ್. ಅಳಿವೆ ಆಚೆಯವರ ಮನೆಗಳು ಹೋಗ್ತವೆ."

"ನನ್ನ ಬೀಗರ ಮನೆ!" ಎಂದಳು ಲಕ್ಷ್ಮೀಬೆನ್. "ಹಾಗೆ ಮಾಡಿದರೆ ಸೊಸೆ ನನಗೆ ಊಟ ಹಾಕ್ತಾಳಾ?"

ನಗು ಎದ್ದಿತು. ಅಧಿಕಾರಿ ನಗಲಿಲ್ಲ. "ಒಪ್ಪಿಗೆಗೆ ಬಂದಿರುವುದು ದಕ್ಷಿಣ ತುದಿಯ ಗ್ರಾಯ್ನ್. ಅದನ್ನು ತೋರಿಸಿ."

ಯಶವಂತ್ ತೊಟ್ಟಿಯ ದಕ್ಷಿಣ ಭಾಗದಲ್ಲಿ, ದಡದಿಂದ ನೀರಿಗೆ ಅಡ್ಡಲಾಗಿ ಕಲ್ಲುಗಳನ್ನಿಟ್ಟ. ಬಸವರಾಜ ಹಲಗೆಯನ್ನು ಓರೆಯಾಗಿ ಆಡಿಸಿದ, ಆಗಸ್ಟಿನ ಅಲೆ. ಕಲ್ಲಿನ ಆಚೆ ಮರಳು ಏರತೊಡಗಿತು. ಈಚೆ, ಊರಿದ್ದ ಬದಿಯಲ್ಲಿ, ಲಕ್ಷ್ಮೀಬೆನ್ನಳ ಮನೆಯೆಂದು ಇಟ್ಟಿದ್ದ ಬೆಂಕಿಪೊಟ್ಟಣ ಅಲುಗಾಡಿ, ವಾಲಿ, ನೀರಿಗೆ ಬಿತ್ತು.

ಅಧಿಕಾರಿ ನಕ್ಷೆ ಬಿಚ್ಚಿದ.

"ಇದರಲ್ಲಿ ಬಾಣ ದಕ್ಷಿಣಕ್ಕಿದೆ. ಇದು ಯಾರ ತಪ್ಪು?"

ಪಟ್ಟಾಭಿರಾಮ ಕುರ್ಚಿಯ ತೋಳು ಹಿಡಿದು ಏಳಹೋದರು.

"ನನ್ನದು," ಎಂದ ಯಶವಂತ್. ಈ ಸಲ ದನಿ ನಡುಗಲಿಲ್ಲ. "ನಾಲ್ಕು ತಿಂಗಳ ಚಳಿಗಾಲ ಅಳೆದು ವರ್ಷದ ಬಾಣ ಬರೆದೆ. ಮಳೆಗಾಲ ಅಳೆಯಲಿಲ್ಲ. ಈಗ ಅಳೆದಿದ್ದೇನೆ." ರಟ್ಟುಗಳನ್ನೂ ನಿತೇಶ್‌ಭಾಯ್‌ನ ದೀಪವನ್ನೂ ಚಾದರದ ಕೆಳಗಿಟ್ಟು ಅಧಿಕಾರಿಯನ್ನು ಬಗ್ಗಿ ನೋಡಲು ಕರೆದ. ಅಧಿಕಾರಿಯ ತಲೆ ಚಾದರದೊಳಗೆ ಹೋಯಿತು. ಹೊರಗೆ ಬರಲು ಬಹಳ ಹೊತ್ತಾಯಿತು.

"ಕಟ್ಟೆ ಉತ್ತರ ತುದಿಗೆ ಹೋಗಬೇಕು, ಅಳಿವೆಯ ಬಾಯಿಗೆ," ಯಶವಂತ್ ಕಲ್ಲುಗಳನ್ನು ಎತ್ತಿಡುತ್ತ ಹೇಳಿದ. "ಉದ್ದ ಬೇಡ, ಎತ್ತರ ಬೇಡ. ಅಳಿವೆಯ ಬಾಯಲ್ಲಿ ಕಟ್ಟಿಕೊಂಡಿರುವ ಮರಳನ್ನು ತೆಗೆದು ಮೊದಲೇ ಊರ ಬದಿಗೆ ತುಂಬಬೇಕು. ತುಂಬಿದ ಮೇಲೆ ಬರುವ ಮರಳು ಕಟ್ಟೆ ದಾಟಿ ಆಚೆ ಊರಿಗೂ ಹೋಗುತ್ತೆ. ಇಲ್ಲದಿದ್ದರೆ ನಮ್ಮ ಕೊರತೆಯನ್ನು ಅವರಿಗೆ ದಾಟಿಸಿದ ಹಾಗೆ."

ಬಸವರಾಜ ಹಲಗೆ ಆಡಿಸಿದ. ಮರಳು ಬಂತು, ಕಲ್ಲಿಗೆ ತಾಗಿತು, ನಿಂತಿತು, ಏರಿತು. ಮತ್ತೆ ಇಟ್ಟ ಬೆಂಕಿಪೊಟ್ಟಣದ ಮುಂದೆ ಒಂದು ಗೇಣು ದಡ ಬೆಳೆಯಿತು. ಆಮೇಲೆ ತಗ್ಗು ಕಲ್ಲಿನ ಮೇಲಿಂದ ಮರಳು ಆಚೆಗೂ ಜಾರತೊಡಗಿತು.

"ಕಲ್ಲೆಲ್ಲ ದಕ್ಷಿಣದಲ್ಲಿ ಸುರಿದಾಗಿದೆ," ಗುತ್ತಿಗೆದಾರ ಗೊಣಗಿದ. "ಮತ್ತೆ ಲಾರಿ ತುಂಬೋರು ಯಾರು?"

ರಾಮಚಂದ್ರ ತಾಂಡೇಲ್ ತೊಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದ: "ನಲವತ್ತು ದೋಣಿ ಎಳೆಯೋ ಟ್ರ್ಯಾಕ್ಟರ್‌ಗಳಿವೆ ನಮ್ಮಲ್ಲಿ. ಕಲ್ಲು ಎಳೆಯಲ್ಲ ಅಂತಾವಾ?"

ಅಧಿಕಾರಿ ನಕ್ಷೆಯ ಮೇಲೆ ಅಡ್ಡಗೆರೆ ಎಳೆದು ಹೊಸ ನಕ್ಷೆ ಕೇಳಿದ. ಹಿಂದಿರುಗುವಾಗ ಪಟ್ಟಾಭಿರಾಮ ಯಶವಂತ್‌ನನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಸಚಿನ್ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ, "ಹೊಸ ಬಾಣ ನೀನೇ ಬರಿ ಕಣಪ್ಪ," ಎಂದರು. "ಸಹಿ ಮಾಡೋಕೆ ಮೊದಲು ನಾನು ನಿನ್ನ ಜೊತೆ ದಡಕ್ಕೆ ಬರ್ತೀನಿ."

ದಸರೆಯ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಸಾಲಾಗಿ ಕಲ್ಲನ್ನೂ ಅಳಿವೆಯ ಮರಳನ್ನೂ ಎಳೆದವು. ಹೆಂಗಸರು ಚಕ್ರದ ಮುಂದೆ ನೀರೆರಚಿ ಮರಳು ಗಟ್ಟಿ ಮಾಡಿದರು. ಅದಕ್ಕೆ ಮೊದಲೇ, ಹೊಸ ನಕ್ಷೆಗೆ ಸಹಿ ಮಾಡುವ ಮುನ್ನ, ಹೇಳಿದ ಮಾತಿನಂತೆ ಪಟ್ಟಾಭಿರಾಮ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಇಳಿತದ ದಡದ ಮೇಲೆ ಯಶವಂತ್‌ನ ಪಕ್ಕ ಇಡೀ ಬೆಳಿಗ್ಗೆ ನಡೆದಿದ್ದರು.

ಮುಂದಿನ ವರ್ಷದ ನಾರಿಯೇಲಿ ಪೂನಮ್‌ಗೆ ಶಾಲೆಯ ಗೋಡೆಯ ಬುಡ ಮರಳಿನಲ್ಲಿ ಹೂತಿತ್ತು. ಹುಡುಗಿಯರು ಅದರ ಮೇಲಿಂದ ದಡಕ್ಕೆ ಧುಮುಕುತ್ತಿದ್ದರು; ಹಾರಲು ಎರಡಡಿಯೂ ಎತ್ತರ ಉಳಿದಿರಲಿಲ್ಲ. ಯಶವಂತ್ ಅಳಿವೆ ದಾಟಿ ಆಚೆ ಊರಿನ ದಡವನ್ನೂ ಅಳೆದು ಬಂದ. ಒಂದು ಗೇಣೂ ಕಡಿಮೆಯಾಗಿರಲಿಲ್ಲ. ಲಕ್ಷ್ಮೀಬೆನ್ನಳ ಹೊಸ್ತಿಲಿನಿಂದ ಕಡಲ ಅಂಚಿಗೆ ಅವನೂ ಅವಳೂ ಕೂಡಿ ಎಣಿಸಿದರು: ನಲವತ್ತಮೂರು ಹೆಜ್ಜೆ. ನಡುವೆ ಬೂಮ್ಲಾ ಒಣಗಿಸುವ ಬಿದಿರಿನ ಚೌಕಟ್ಟುಗಳು ಮತ್ತೆ ಎದ್ದು ನಿಲ್ಲಲು ಹೊಸ ಗುಣಿಗಳನ್ನು ತೋಡಿದ್ದರು.

ಎಸೆದ ಕಾಯಿಗಳು ಉತ್ತರಕ್ಕೇ ಹೋದವು. ಅರ್ಧ ಕಟ್ಟೆಯ ಕಲ್ಲಿನ ಸಂದಿಗೆ ಸಿಕ್ಕಿಕೊಂಡವು, ಅರ್ಧ ಅಲೆಯೊಂದಿಗೆ ದಾಟಿ ಹೋದವು.

"ಈ ವರ್ಷ ಟೋಪ್ರಾಪಾಕ್ ಎರಡೂ ಊರಲ್ಲಿ," ಎಂದು ಲಕ್ಷ್ಮೀಬೆನ್ ಸೆರಗು ಬಿಗಿದು ಕಲ್ಲು ಹತ್ತಿದಳು. ದೂರದಿಂದ ಪಟ್ಟಾಭಿರಾಮ, ಸೊಂಟದ ಮೇಲೆ ಕೈಯಿಟ್ಟು, "ಯಶವಂತ, ಅಳತೆ ಮುಗೀತೇನಯ್ಯ?" ಎಂದು ಕೂಗಿದರು. ಮುಗಿದಿದೆ ಸರ್ ಎಂದು ಇವನು ಕೈ ಬೀಸಿದ.

ಕಡತದ ಅಂಚಿನಲ್ಲಿದ್ದ ಅವರ ಪೆನ್ಸಿಲಿನ ಸಾಲನ್ನು ತಾನು ಓದಿದ್ದೇನೆಂದು ಯಶವಂತ್ ಅವರಿಗೆ ಎಂದೂ ಹೇಳಲಿಲ್ಲ.